ಹೋದ ಹುಟ್ಟುಹಬ್ಬಕ್ಕೊಂದು ಓಲೆ

ಮರೆತ ಹುಟ್ಟುಹಬ್ಬಕ್ಕೆ ತಡವಾಗಿ ಶುಭಾಶಯ ಬರೆದುಕೊಡುವುದು ಭೇರ್ಯದಲ್ಲಿ ನನ್ನ ಪುಕ್ಕಟೆ ಕಸುಬು. ಮೊನ್ನೆ ಪಕ್ಕದ ಮನೆಯಣ್ಣ ಫೋನು ಹಿಡಿದು ಬಂದರು. ಪಿರಿಯಾಪಟ್ಟಣಕ್ಕೆ ಕೊಟ್ಟಿರುವ ತಂಗಿಯ ಹುಟ್ಟುಹಬ್ಬ ಹೋಗಿ ನಾಲ್ಕು ದಿನವಾಗಿತ್ತು. ಅವರೇ ಬರೆದಿದ್ದ ಕರಡಿನಲ್ಲಿ ಕೆಲಸದ ಒತ್ತಡ, ಮಂಡಿನೋವು, 'ನಾನೆಂಥ ಪಾಪಿ ಅಣ್ಣ' ಎಲ್ಲವೂ ಇದ್ದವು. ತಂಗಿಯೊಬ್ಬಳೇ ಇರಲಿಲ್ಲ.

ನನ್ನ ಜಗಳವಿರುವುದು ಈ ಜಾತಿಯ ಓಲೆಗಾರರ ಜೊತೆ. ಮರೆತವರು ಇವರು, ಕೊನೆಗೆ 'ಹೋಗ್ಲಿ ಬಿಡಣ್ಣ, ಬೇಜಾರು ಮಾಡ್ಕೋಬೇಡ' ಎಂದು ಸಮಾಧಾನ ಹೇಳಬೇಕಾದವಳು ಅವಳು! ಹಬ್ಬವೂ ಹೋಯಿತು, ಮೇಲೆ ಅಣ್ಣನ ಕಣ್ಣೀರು ಒರೆಸುವ ಕೆಲಸ ಬೇರೆ. ಗುಲಾಬಿ ಹೂವಿನ ಚಿತ್ರ ಫಾರ್ವರ್ಡ್ ಮಾಡುವ ಸೋಮಾರಿಯನ್ನಾದರೂ ಕ್ಷಮಿಸಬಹುದು, ಇವರನ್ನಲ್ಲ. ತಪ್ಪೊಪ್ಪಿಗೆ ಒಂದು ಸಾಲು ಸಾಕು. ನೆಪ ಹೇಳುವುದಾದರೆ ಯಾರೂ ನಂಬದಂಥದ್ದಿರಬೇಕು. ಅರ್ಧ ನಂಬುವಂಥದ್ದು ಸುಳ್ಳಾಗಿಬಿಡುತ್ತದೆ. ಆಮೇಲೆ ಅವಳಿಗಲ್ಲದೆ ಬೇರೆ ಯಾರಿಗೂ ಬರೆಯಲಾಗದ ಒಂದು ಮಾತು.

ಇದಕ್ಕೂ ಮೊದಲು ನಾನು ಪಂಚಾಂಗ ತೆಗೆಯುತ್ತೇನೆ. ಈ ತಂಗಿ ಹುಟ್ಟಿದ್ದು 1987ರ ಮಾರ್ಚ್ 30, ಯುಗಾದಿಯ ದಿನ. ಚಾಂದ್ರಮಾನದ ವರ್ಷ ಸುಮಾರು 11 ದಿನ ಗಿಡ್ಡ. ಹಾಗಾಗಿ ಹಬ್ಬ ವರ್ಷವರ್ಷ ಹಿಂದೆ ಸರಿದು, ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಹಾರುತ್ತದೆ. ಸುಮಾರು 19 ವರ್ಷಕ್ಕೊಮ್ಮೆ ತಾರೀಖು, ತಿಥಿ ಕೂಡುತ್ತವೆ. 2006ರಲ್ಲೂ 2025ರಲ್ಲೂ ಯುಗಾದಿ ಮಾರ್ಚ್ 30ಕ್ಕೇ ಬಂದಿತ್ತು. 2024ರಲ್ಲಿ ಮರೆತಿದ್ದರೆ ಭಯವೇ ಇರಲಿಲ್ಲ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ. 'ನಾವು ಪಂಚಾಂಗದ ಪ್ರಕಾರ ಹೋಗೋರು' ಎಂದು ಮೀಸೆ ತಿರುವಿ, ತಿಥಿಯ ದಿನ ಎಲ್ಲರಿಗಿಂತ ಮೊದಲೇ ಶುಭಾಶಯ ಹೇಳಬಹುದಿತ್ತು. 2026ರಲ್ಲಿ ಆ ಬಾಗಿಲೂ ಮುಚ್ಚಿದೆ. ಯುಗಾದಿ ಮಾರ್ಚ್ 19ಕ್ಕೇ ಮುಗಿದಿದೆ. ಅಣ್ಣ ಒಂದೇ ವರ್ಷದಲ್ಲಿ ಎರಡು ಹುಟ್ಟುಹಬ್ಬ ಮರೆತಂತಾಯಿತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡಿದ್ದರೆ ಮೂರನೆಯದೊಂದು ಕೈಲಿರುತ್ತಿತ್ತು. ಹಳೆಯ ತಲೆಗಳಲ್ಲಿ ಎಷ್ಟೋ ಜನರ ಪಾಲಿಗೆ ದಾಖಲೆಯ ಹುಟ್ಟುಹಬ್ಬ ಅದೇ ತಾನೆ? ಇವಳ ದಾಖಲೆಯೂ ಸರಿಯಾಗಿದೆ, ಅಣ್ಣನ ಗ್ರಹಚಾರ.

ಹೀಗಾಗಿ ನಿಜವನ್ನೇ ಬರೆಯಬೇಕಾಯಿತು. 'ಅವಳ ವಿಷಯ ಏನಾದರೂ ಹೇಳಿ' ಎಂದೆ. 'ಒಳ್ಳೇ ಹುಡುಗಿ' ಎಂದರು. ಇದು ಯಾವ ತಂಗಿಗೂ ಆಗುತ್ತದೆ, ನಡೆಯೋಲ್ಲ ಎಂದೆ. ಕಾಫಿ ಮುಗಿಯುವ ಹೊತ್ತಿಗೆ ಸೈಕಲ್ಲಿನ ಕಥೆ ಹೊರಬಿತ್ತು. ಕಳಿಸಿದ್ದು ಇಷ್ಟು:

'ಪುಟ್ಟಿ, ನಿನ್ನ ಹುಟ್ಟುಹಬ್ಬ ಮರೆತೆ. ತಾರೀಖೂ ಹೋಯ್ತು, ಯುಗಾದೀನೂ ಹೋಯ್ತು. ನನ್ನ ಸೈಕಲ್ ಚಕ್ರಕ್ಕೆ ನಿನ್ನ ಹೊಸ ಲಂಗ ಸಿಕ್ಕಿ ಹರಿದಾಗ, ಬೇಲಿ ಮುಳ್ಳು ಅಂತ ಅವ್ವನಿಗೆ ಹೇಳಿ ನನ್ನ ಬೆನ್ನು ಉಳಿಸಿದವಳು ನೀನು. ಈ ಸಲಾನೂ ಅದೇ ಬೇಲಿ ಅಡ್ಡ ಬಂತು ಅಂದ್ಕೋ. ನೂರು ವರ್ಷ ಚೆನ್ನಾಗಿರು. ಭಾನುವಾರ ಬರ್ತೀನಿ, ಒಲೆ ಹಚ್ಚಬೇಡ, ಊಟ ನಾನೇ ತರ್ತೀನಿ.'

ಕೊನೆಯ ಸಾಲು ಅಣ್ಣನಿಗೆ ಇಷ್ಟವಾಗಲಿಲ್ಲ. 'ಬಿಡುವು ಮಾಡ್ಕೊಂಡು ಬರ್ತೀನಿ' ಅಂದರೆ ಸಾಲದೇ ಎಂದರು. ಸಾಲದು. ದಿನ ಹೇಳದ ಭರವಸೆ ಇನ್ನೊಂದು ಮರೆವಿಗೆ ಕೊಟ್ಟ ಮುಂಗಡ. ಭಾನುವಾರ ಅವರು ಹೋಗದಿದ್ದರೆ, ಮುಂದಿನ ಓಲೆಗೆ ಬೇರೆ ಬರಹಗಾರನನ್ನು ಹುಡುಕಿಕೊಳ್ಳಲಿ.