‘ಅಮ್ಮ ಆಗಿದೆ, ರಜಾ ಹಾಕ್ಕೊಳ್ಳಿ’: ಆದರೆ ಯಾವತ್ತಿನಿಂದ?

ಕಳೆದ ಫೆಬ್ರುವರಿ 9, ಸೋಮವಾರ. ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ನಾಲ್ಕನೇ ತರಗತಿಯ ಹುಡುಗನೊಬ್ಬನ ಅಪ್ಪನಿಂದ ನಮ್ಮ ಫೋನಿಗೆ ಮೆಸೇಜ್ ಬಂತು.

“ಮಿಸ್ ಮಗುಗೆ ಅಮ್ಮ ಆಗಿದೆ. ಸ್ಕೂಲಿಗೆ ಬಂದಿಲ್ಲ ಬರಲ್ಲ. ರಜಾ ಹಾಕ್ಕೊಳ್ಳಿ.”

ಅಷ್ಟೇ. ಬಂದಿಲ್ಲ ಅಂದರೆ ಯಾವತ್ತು? ಬರಲ್ಲ ಅಂದರೆ ಯಾವತ್ತಿನವರೆಗೆ?

ನಮ್ಮದು ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಕಾಯಂ ಶಿಕ್ಷಕಿಯರು ನಾವಿಬ್ಬರು, ಜೊತೆಗೆ ಒಬ್ಬರು ಅತಿಥಿ ಶಿಕ್ಷಕಿ. ಪೋಷಕರಿಂದ ಇಂಥ ಮೆಸೇಜ್ ವಾರಕ್ಕೆ ನಾಲ್ಕೈದು ಬರುತ್ತವೆ. ಹೊಟ್ಟೆನೋವು, ಮದುವೆ, ಊರಹಬ್ಬ ಎಂದಿದ್ದರೆ ಹಾಜರಿ ಪುಸ್ತಕದಲ್ಲಿ ಗೈರು ಹಾಕಿ, ಮಗು ಬಂದಮೇಲೆ ವಿಚಾರಿಸಿಕೊಳ್ಳುತ್ತೇವೆ. ಈ ಮೆಸೇಜನ್ನು ಹಾಗೆ ಬಿಡುವಂತಿರಲಿಲ್ಲ. ನಮ್ಮ ಅತಿಥಿ ಶಿಕ್ಷಕಿ ಆರು ತಿಂಗಳ ಗರ್ಭಿಣಿ.

ಅಮ್ಮ ಎಂದು ನಮ್ಮ ಕಡೆ ಕರೆಯುವುದು ಹೆಚ್ಚಾಗಿ ಚಿಕನ್ ಪಾಕ್ಸ್‌ಗೆ. ಸೀತಾಳೆ ಸಿಡುಬು ಅನ್ನುವವರೂ ಇದ್ದಾರೆ. ಆದರೆ ಮೈ ಮೇಲೆ ದಡಾರ ಎದ್ದರೂ ಕೆಲವು ಮನೆಯವರು ಅಮ್ಮ ಎಂದೇ ಹೇಳುತ್ತಾರೆ. ಎರಡೂ ಅಂಟುವ ಕಾಯಿಲೆಗಳೇ, ಆದರೆ ದಿನದ ಲೆಕ್ಕ ಬೇರೆ ಬೇರೆ. ಚಿಕನ್ ಪಾಕ್ಸ್ ಮೊದಲ ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಬೇರೆಯವರಿಗೆ ಅಂಟಲು ಶುರುವಾಗುತ್ತದೆ. ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೂ ಅಂಟುತ್ತಲೇ ಇರುತ್ತದೆ. ದಡಾರವಾದರೆ ಮೈ ಮೇಲೆ ಕೆಂಪು ಏಳುವುದಕ್ಕೆ ನಾಲ್ಕು ದಿನ ಮೊದಲಿನಿಂದ, ಎದ್ದ ಮೇಲೆ ನಾಲ್ಕು ದಿನದವರೆಗೆ.

ಅಂದರೆ ಮಗು ಇನ್ನೂ ಚೆನ್ನಾಗಿ ಆಡಿಕೊಂಡು, ಎಲ್ಲರ ಜೊತೆ ಕೂತು ಬಿಸಿಯೂಟ ಮಾಡುತ್ತಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಆ ದಿನಗಳಲ್ಲಿ ಅದು ಶಾಲೆಯಲ್ಲೇ ಇರುತ್ತದೆ. ಹಾಜರಿ ಪುಸ್ತಕ ನೋಡಿದರೆ ಅಲ್ಲಿ ಹಾಜರು ಎಂದೇ ಇರುತ್ತದೆ.

ನಾವು ಪುಸ್ತಕ ತೆಗೆದು ಹಿಂದಿನ ವಾರ ನೋಡಿದೆವು. ಹುಡುಗ 5ರ ಗುರುವಾರ ಗೈರು. 6ರ ಶುಕ್ರವಾರ ಹಾಜರು. 7ರ ಶನಿವಾರ ಬೆಳಗಿನ ಶಾಲೆಗೂ ಹಾಜರು. ಸೋಮವಾರ ಇಲ್ಲ. ಅತಿಥಿ ಶಿಕ್ಷಕಿ ಶುಕ್ರವಾರ ನಾಲ್ಕನೇ ತರಗತಿಗೆ ಒಂದು ಅವಧಿ ಪಾಠ ಮಾಡಿದ್ದರು. ಶನಿವಾರ ಅವರು ಸ್ಕ್ಯಾನಿಂಗ್‌ಗೆಂದು ರಜೆಯಲ್ಲಿದ್ದರು.

ಈಗ ಲೆಕ್ಕ ನೋಡಿ. ಮೊದಲ ಗುಳ್ಳೆ ಸೋಮವಾರ ಎದ್ದಿದ್ದರೆ ಅಂಟುವ ದಿನ ಶುರುವಾಗುವುದು ಶನಿವಾರದಿಂದ. ಶನಿವಾರ ಅವರು ಶಾಲೆಯಲ್ಲಿರಲಿಲ್ಲ, ಭಯ ಇಲ್ಲ. ಭಾನುವಾರ ಎದ್ದಿದ್ದರೆ ಶುಕ್ರವಾರವೂ ಸೇರುತ್ತದೆ. ಗುರುವಾರದ ಗೈರು ಕೂಡ ಇದೇ ಕಾಯಿಲೆಯದ್ದಾಗಿದ್ದರೆ, ಶುಕ್ರವಾರ ಶನಿವಾರ ಎರಡು ದಿನವೂ ಅವನು ಅಂಗಿಯೊಳಗೆ ಗುಳ್ಳೆ ಇಟ್ಟುಕೊಂಡೇ ಬಂದಿರಬೇಕು. ಮೆಸೇಜಿನಲ್ಲಿ ಒಂದು ತಾರೀಖು ಇದ್ದಿದ್ದರೆ ಈ ಮೂರರಲ್ಲಿ ಎರಡು ಅಲ್ಲೇ ಬಿದ್ದುಹೋಗುತ್ತಿದ್ದವು.

ಫೋನ್ ಮಾಡಿದರೆ ಎತ್ತಲಿಲ್ಲ. ಆ ಹೊತ್ತಿಗೆ ಅಪ್ಪ ಟ್ರ್ಯಾಕ್ಟರ್ ಮೇಲೆ ಇರುತ್ತಾನೆಂದು ಗೊತ್ತಿತ್ತು. ಹಾಗಾಗಿ ಒಂದು ಚೀಟಿ ಬರೆದು, ಅದರ ಫೋಟೋವನ್ನು ಅವರ ನಂಬರಿಗೆ ಮಾತ್ರ ಹಾಕಿದೆವು. ತರಗತಿಯ ಗ್ರೂಪಿಗೆ ಹಾಕಲಿಲ್ಲ. ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ‘ಆ ಮನೇಲಿ ಅಮ್ಮ ಆಗಿದೆಯಂತೆ’ ಎಂದು ಊರೆಲ್ಲ ಮಾತಾಗುತ್ತದೆ. ಆ ಮನೆಯವರು ಮುಂದೆಂದೂ ನಮಗೆ ನಿಜ ಹೇಳುವುದಿಲ್ಲ. ಚೀಟಿ ಹೀಗಿತ್ತು:

“ನಮಸ್ಕಾರ ಅಣ್ಣಾ. ನಿಮ್ಮ ಮೆಸೇಜ್ ನೋಡಿದೆವು. ರಜೆ ಬಗ್ಗೆ ಚಿಂತೆ ಬೇಡ, ಹುಡುಗ ಆರಾಮಾಗಲಿ. ಮೂರು ವಿಷಯ ಮಾತ್ರ ಇವತ್ತೇ ತಿಳಿಸಿ. ಒಂದು, ಮೊದಲ ಗುಳ್ಳೆ ಯಾವ ವಾರ ಕಂಡಿತು, ಬೆಳಿಗ್ಗೆಯೋ ಸಂಜೆಯೋ? ಎರಡು, ಹೋದ ಗುರುವಾರ ಅವನು ಬಂದಿರಲಿಲ್ಲ, ಆವತ್ತೇ ಜ್ವರ ಇತ್ತೋ ಅಥವಾ ಬೇರೆ ಕೆಲಸಕ್ಕೆ ಉಳಿದನೋ? ಮೂರು, ನೀರು ತುಂಬಿದ ಗುಳ್ಳೆಯೋ, ಇಲ್ಲ ಮೈಯೆಲ್ಲ ಕೆಂಪಾಗಿ ಕೆಮ್ಮು, ಕಣ್ಣು ಕೆಂಪು ಇದೆಯೋ? ಶಾಲೆಯಲ್ಲಿ ಬಸುರಿ ಮಿಸ್ ಇದ್ದಾರೆ, ಅದಕ್ಕೇ ಕೇಳುತ್ತಿದ್ದೇವೆ. ನಿಮ್ಮ ಮಗನ ಹೆಸರು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಅಕ್ಕನ ಹತ್ತಿರ ಕೇಳಿ ಹೇಳಿದರೂ ಆಯಿತು.”

ಕೊನೆಯ ಸಾಲು ಬೇಕೆಂದೇ ಬರೆದದ್ದು. ನಮ್ಮ ಊರುಗಳಲ್ಲಿ ಫೋನ್ ಇರುವುದು ಅಪ್ಪನ ಜೇಬಿನಲ್ಲಿ. ಮಗುವಿಗೆ ಸ್ನಾನ ಮಾಡಿಸಿ ಮೈ ನೋಡುವವಳು ಅಮ್ಮ. ಮೆಸೇಜ್ ಕಳಿಸುವವರಿಗೆ ತಾರೀಖು ಗೊತ್ತಿರುವುದಿಲ್ಲ, ಗೊತ್ತಿರುವವರು ಮೆಸೇಜ್ ಕಳಿಸುವುದಿಲ್ಲ. ‘ಎಷ್ಟು ದಿನ ರಜೆ ಬೇಕು’ ಎಂದು ನಾವು ಕೇಳಲಿಲ್ಲ. ಹಾಗೆ ಕೇಳಿದರೆ ‘ಒಂದು ವಾರ’ ಎಂದು ಉತ್ತರ ಬರುತ್ತದೆ. ಆ ಉತ್ತರ ಹಾಜರಿ ಪುಸ್ತಕಕ್ಕೆ ಸಾಕು. ಕಾಯಿಲೆಯ ಲೆಕ್ಕಕ್ಕೆ ಬೇಕಾದದ್ದು ಗುಳ್ಳೆ ಕಂಡ ಮೊದಲ ದಿನ.

ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬಂತು. ಮಾತಾಡಿದ್ದು ತಾಯಿ. “ಗುರುವಾರ ಏನಿರಲಿಲ್ಲ ಮಿಸ್, ನಮ್ಮಮ್ಮನ ಊರ ಜಾತ್ರೆಗೆ ಹೋಗಿದ್ವಿ. ಶನಿವಾರ ರಾತ್ರಿ ಮೈ ಬಿಸಿ ಇತ್ತು. ಭಾನುವಾರ ಬೆಳಿಗ್ಗೆ ನೀರು ಹಾಕೋವಾಗ ಬೆನ್ನ ಮೇಲೆ ಎರಡು ಗುಳ್ಳೆ, ನೀರು ತುಂಬ್ಕೊಂಡಿದ್ವು. ಸಂಜೆಗೆ ಹೊಟ್ಟೆ ಮೇಲೂ ಆಯ್ತು.” ಕೆಮ್ಮು, ಕಣ್ಣು ಕೆಂಪು ಇರಲಿಲ್ಲ. ಅಷ್ಟರಲ್ಲಿ ಎಲ್ಲ ಗೊತ್ತಾಯಿತು. ಲಕ್ಷಣ ಚಿಕನ್ ಪಾಕ್ಸ್‌ನದು, ಶುರು ಭಾನುವಾರ 8ಕ್ಕೆ. ಶುಕ್ರವಾರ ಲೆಕ್ಕದೊಳಗೆ ಬಂತು.

ಅತಿಥಿ ಶಿಕ್ಷಕಿಗೆ ಆಗಲೇ ಹೇಳಿದೆವು. ಗರ್ಭಿಣಿಗೆ ಮೊದಲ ಸಲ ಚಿಕನ್ ಪಾಕ್ಸ್ ತಗುಲಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ. ಗರ್ಭದ ಕೆಲವು ಹಂತಗಳಲ್ಲಿ ಮಗುವಿಗೂ ತೊಂದರೆ ಆಗಬಹುದು. ಮರುದಿನವೇ ಅವರು ಆಶಾ ಕಾರ್ಯಕರ್ತೆಯ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋದರು. ಡಾಕ್ಟರ್ ಕೇಳಿದ್ದು ಮೂರೇ ಮಾತು: ಆ ಮಗುವಿನ ಜೊತೆ ಒಂದೇ ಕೋಣೆಯಲ್ಲಿ ಇದ್ದದ್ದು ಯಾವತ್ತು, ಎಷ್ಟು ಹೊತ್ತು, ಮೊದಲು ನಿಮಗೆ ಈ ಕಾಯಿಲೆ ಆಗಿತ್ತೇ?

ಶುಕ್ರವಾರ, 40 ನಿಮಿಷ ಎಂದು ಅವರು ಹೇಳಿದರು. ಮೂರನೆಯದಕ್ಕೆ ಅವರ ಬಳಿ ಉತ್ತರ ಇರಲಿಲ್ಲ. ಅಲ್ಲಿಂದಲೇ ತವರಿಗೆ ಫೋನ್ ಮಾಡಿದರು. “ನಿಂಗೂ ನಿಮ್ಮಣ್ಣಂಗೂ ಒಟ್ಟಿಗೆ ಆಗಿತ್ತಲ್ಲ, ಹುಬ್ಬಿನ ಹತ್ರ ಕಲೆ ಅದರದ್ದೇ” ಎಂದರಂತೆ ಅವರ ತಾಯಿ. ಒಮ್ಮೆ ಆದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆದರೂ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ದೇಹದಲ್ಲಿ ರೋಗ ತಡೆಯುವ ಶಕ್ತಿ ಇದೆ ಎಂದು ವರದಿ ಬಂತು. ಇಲ್ಲದಿದ್ದರೆ ಅದಕ್ಕೊಂದು ಚುಚ್ಚುಮದ್ದು ಇದೆ. ಆದರೆ ಸೋಂಕಿನ ಹತ್ತಿರ ಬಂದ ಹತ್ತು ದಿನದೊಳಗೆ, ಆದಷ್ಟು ಬೇಗ ಕೊಡಬೇಕು. ಎಲ್ಲ ಕಡೆ ಸಿಗುವುದೂ ಇಲ್ಲ, ಹುಡುಕುವುದಕ್ಕೇ ದಿನ ಬೇಕು. ‘ಯಾವತ್ತು’ ಎಂದು ಗೊತ್ತಿಲ್ಲದಿದ್ದರೆ ಆ ಹತ್ತು ದಿನ ಎಲ್ಲಿಂದ ಎಣಿಸುವುದು?

ಇನ್ನು ಉಳಿದ ಮಕ್ಕಳು. ಹತ್ತಿರ ಇದ್ದವರಿಗೆ ಈ ಕಾಯಿಲೆ ಕಾಣಿಸಿಕೊಳ್ಳುವುದು 10ರಿಂದ 21 ದಿನದ ನಡುವೆ. ಹುಡುಗ ಸೋಂಕಿನೊಂದಿಗೆ ಶಾಲೆಯಲ್ಲಿದ್ದದ್ದು 6 ಮತ್ತು 7ನೇ ತಾರೀಖು. 6ಕ್ಕೆ ಹತ್ತು ಕೂಡಿದರೆ 16. 7ಕ್ಕೆ ಇಪ್ಪತ್ತೊಂದು ಕೂಡಿದರೆ 28. ಈಗ ಗ್ರೂಪಿಗೆ ಹಾಕಿದೆವು, ಹೆಸರಿಲ್ಲದೆ: “ಶಾಲೆಯಲ್ಲಿ ಒಂದು ಮಗುವಿಗೆ ಚಿಕನ್ ಪಾಕ್ಸ್ ಇದೆ. 16ರಿಂದ 28ರವರೆಗೆ ನಿಮ್ಮ ಮಕ್ಕಳಿಗೆ ಜ್ವರ ಬಂದರೆ, ಗುಳ್ಳೆ ಕಾಣುವವರೆಗೆ ಕಾಯದೆ ಮನೆಯಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಬಸುರಿ ಇದ್ದರೆ ಈಗಲೇ ಆಶಾ ಅವರಿಗೆ ತಿಳಿಸಿ.” ಸರ್ಕಾರ ಎಲ್ಲ ಮಕ್ಕಳಿಗೂ ಪುಕ್ಕಟೆ ಹಾಕಿಸುವ ಲಸಿಕೆಗಳಲ್ಲಿ ದಡಾರದ್ದು ಇದೆ, ಚಿಕನ್ ಪಾಕ್ಸ್‌ನದು ಇಲ್ಲ. ನಮ್ಮ ಮಕ್ಕಳಲ್ಲಿ ಯಾರೂ ಅದನ್ನು ಹಾಕಿಸಿಕೊಂಡಿರಲಿಲ್ಲ. ಆದ್ದರಿಂದ ಈ ತಾರೀಖುಗಳೇ ನಮಗಿದ್ದ ಬೇಲಿ.

20ರ ಶುಕ್ರವಾರ ಒಬ್ಬಳಿಗೆ, 21ರ ಶನಿವಾರ ಇನ್ನೊಬ್ಬನಿಗೆ ಗುಳ್ಳೆ ಎದ್ದವು. ಇಬ್ಬರನ್ನೂ ಹಿಂದಿನ ದಿನ ಮೈ ಬೆಚ್ಚಗಾದಾಗಲೇ ಮನೆಯಲ್ಲಿ ಉಳಿಸಿಕೊಂಡಿದ್ದರು. ಗುಳ್ಳೆಗೆ ಮೊದಲೇ ಅಂಟುವ ಕಾಯಿಲೆಯಾದ್ದರಿಂದ ಇದು ಪೂರ್ತಿ ತಡೆಯಲ್ಲ. ಜ್ವರಕ್ಕೂ ಹಿಂದಿನ ದಿನ ಅವರು ತರಗತಿಯಲ್ಲೇ ಇದ್ದರು. ನಾವು ಮತ್ತೆ ಆ ದಿನಗಳಿಂದ ಎಣಿಸಿದೆವು.

ಮೊದಲ ಹುಡುಗ ವಾಪಸ್ ಬರುವ ದಿನದ ಬಗ್ಗೆಯೂ ಹೇಳಬೇಕು. ಗುಳ್ಳೆ ಎದ್ದು ಐದು ದಿನವಾದಾಗ, 13ಕ್ಕೆ, ತಾಯಿ ಕೇಳಿದರು: “ಐದು ದಿನ ಆಯ್ತು ಮಿಸ್, ಕಳಿಸ್ಲಾ?” ನೀರಿರುವ ಗುಳ್ಳೆ ಇನ್ನೂ ಇವೆಯಾ ಎಂದು ಕೇಳಿದೆವು. ಕೈ ಮೇಲೆ ಎರಡಿವೆ ಎಂದರು. ಹಾಗಾದರೆ ಬೇಡ ಎಂದೆವು. ಈ ಕಾಯಿಲೆಯಲ್ಲಿ ಗುಳ್ಳೆಗಳು ಒಂದೇ ದಿನ ಏಳುವುದಿಲ್ಲ, ಮೊದಲಿನವು ಒಣಗುವಾಗ ಹೊಸವು ಬರುತ್ತಿರುತ್ತವೆ. ಮನೆಯಲ್ಲಿ ದಿನ ನೋಡಿ ಬೇವಿನ ನೀರು ಹಾಕಿ ಅಮ್ಮನನ್ನು ಕಳಿಸಿಕೊಡುವ ಪದ್ಧತಿ ಇದೆ. ಅದು ಅವರ ನಂಬಿಕೆ, ಅದಕ್ಕೆ ನಮ್ಮ ತಕರಾರಿಲ್ಲ. ನೀರು ಹಾಕಿದ ದಿನ ಏನೇ ಇರಲಿ, ಕೊನೆಯ ಗುಳ್ಳೆ ಹಕ್ಕಳೆ ಕಟ್ಟಿದ ಮೇಲೆ ಕಳಿಸಿ ಎಂದು ಮಾತ್ರ ಕೇಳಿಕೊಂಡೆವು. ಅವನು ಬಂದದ್ದು 17ರ ಮಂಗಳವಾರ.

ರಜೆಯ ಮೆಸೇಜ್ ಬರೆಯುವವರಿಗೆ ನಮ್ಮ ಕೋರಿಕೆ ಇಷ್ಟು. ಉದ್ದ ಬೇಡ. ಟೈಪ್ ಮಾಡಲು ಬಾರದಿದ್ದರೆ ಮಾತಿನಲ್ಲೇ ಹೇಳಿ ಕಳಿಸಿ. “8ರ ಭಾನುವಾರ ಬೆಳಿಗ್ಗೆ ನೀರಿನ ಗುಳ್ಳೆ ಕಂಡವು. ಶನಿವಾರ ರಾತ್ರಿ ಜ್ವರ ಇತ್ತು. 9ರಿಂದ ಬರಲ್ಲ, ಎಲ್ಲ ಒಣಗಿದ ಮೇಲೆ ಕಳಿಸ್ತೀವಿ.” ವಾರ ಬರೆದರೆ ಪಕ್ಕದಲ್ಲಿ ತಾರೀಖನ್ನೂ ಬರೆಯಿರಿ, ಏಕೆಂದರೆ ‘ಶುಕ್ರವಾರ’ ಎಂದರೆ ಹೋದ ಶುಕ್ರವಾರವೋ ಬರುವುದೋ ಎಂದು ಓದುವವರಿಗೆ ತಿಳಿಯುವುದಿಲ್ಲ. ಅಪ್ಪ ಬರೆಯುವುದಾದರೆ, ಕಳಿಸುವ ಮೊದಲು ಒಂದು ಸಲ ಮಗುವಿನ ತಾಯಿಯನ್ನು ಕೇಳಿ.