ನಿಕೋಟಿನ್ ಗಮ್ ಪೊಟ್ಟಣ ಓದೋದು ಹೆಂಗೆ?

ನಮ್ಮ ಭಾವ ಬೀಡಿ ಬಿಡಕ್ಕೆ ನಿಕೋಟಿನ್ ಗಮ್ ತಂದವ್ರೆ. ಪೊಟ್ಟಣದ ಮೇಲೆ 2 ಇಲ್ಲಾ 4 ಮಿ.ಗ್ರಾಂ. ಅಂತ ಇರ್ತದೆ. ಎದ್ದ ಅರ್ಧ ಗಂಟೆಯೊಳಗೇ ಹಚ್ಚೋರಿಗೆ 4. ಭಾವ ಡೇರಿಗೆ ಹಾಲು ಹಾಕಿ ಬಂದ ಮೇಲೇ ಮೊದಲ ಬೀಡಿ ಸೇದೋದು, ಹಂಗಾಗಿ 2 ಸಾಕು.

ಪ್ಯಾಚ್‌ನಲ್ಲಿ 21, 14, 7 ಅಂತ ಅಂಕಿಯೇ ಇಳೀತದೆ. ಗಮ್‌ನಲ್ಲಿ ಅಂಕಿ ಅದೇ, ನಡುವಿನ ಹೊತ್ತು ಹಿಗ್ತದೆ. ಮೊದಲ 6 ವಾರ 1–2 ಗಂಟೆಗೊಂದು, 7ರಿಂದ 9ನೇ ವಾರ 2–4 ಗಂಟೆಗೊಂದು, 10ರಿಂದ 12ನೇ ವಾರ 4–8 ಗಂಟೆಗೊಂದು. ಭಾವನ ಲೆಕ್ಕದಲ್ಲಿ ದಿನಕ್ಕೆ ಮೊದಲು 10, ಆಮೇಲೆ 5, ಕೊನೆಗೆ 3.

ಖಾರ ಹತ್ತಿದ ಕೂಡಲೇ ಕೆನ್ನೆ ಸಂದಿಗೆ ಒತ್ತರಿಸಿ, ಖಾರ ಇಳಿದ್ಮೇಲೆ ಮತ್ತೆ ಜಗೀರಿ. ಎಲೆಅಡಿಕೆ ಥರ ಒಂದೇ ಸಮ ಜಗಿದು ರಸ ನುಂಗಿದ್ರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಶುರುವಾಗ್ತದೆ.