ಬಾಟಲಿ ಫೋಟೊದ ಕೆಳಗಿನ ನಾಲ್ಕು ಸಾಲು

ಫೇಸ್‌ಬುಕ್ಕಿನಲ್ಲೋ ವಾಟ್ಸಾಪ್ ಸ್ಟೇಟಸ್ಸಿನಲ್ಲೋ ಕೀಟನಾಶಕದ ಬಾಟಲಿ ಫೋಟೊ ಹಾಕಿ ಅದರ ಕೆಳಗೆ ನಾಲ್ಕು ಸಾಲು ಬರೆದಿರುತ್ತಾರಲ್ಲ, ಒಂದೂವರೆ ವರ್ಷ ಆ ನಾಲ್ಕು ಸಾಲು ಬರೆದು ಹೊಟ್ಟೆ ಹೊರೆದವರು ನಾವಿಬ್ಬರು. ಪತ್ರಿಕೋದ್ಯಮ ಓದಿ ಹೊರಬಂದಾಗ ಪತ್ರಿಕೆಯವರು ಕರೆಯಲಿಲ್ಲ. ಒಂದು ಕೀಟನಾಶಕ ಕಂಪನಿ ಕರೆಯಿತು. ಹೆಸರು ಬೇಡ. ಕೆಲಸ ಸರಳ ಅಂದುಕೊಂಡೇ ಹೋದೆವು. ನಾಲ್ಕು ಸಾಲು ಬರೆಯಲು ಎಷ್ಟು ಹೊತ್ತು?

ಮೊದಲನೆಯ ಕ್ಯಾಪ್ಷನ್ ಹೊರಗೆ ಬರಲು ಹನ್ನೊಂದು ದಿನ ಹಿಡಿಯಿತು.

ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ರೈತರಿಗಾಗಿ ಅದನ್ನು ಬರೆಯಬೇಕಿತ್ತು. ಮಾರ್ಕೆಟಿಂಗ್ ಮೇಡಂ ಬೆಂಗಳೂರಿನಿಂದ ಫೋನ್ ಮಾಡಿ, 'ಮುಟುರು ರೋಗದ ಮೇಲೆ ಬರೀರಿ, ಎಲ್ಲರೂ ಅದನ್ನೇ ಕೇಳ್ತಿದ್ದಾರೆ' ಅಂದರು. ನಾವು ಊರಿನ ಭಾಷೆ ಬಲ್ಲವರು ಎಂಬ ಹುಮ್ಮಸ್ಸಿನಲ್ಲಿ ಹೀಗೆ ಬರೆದು ಕಳಿಸಿದೆವು: 'ಮೆಣಸಿನ ಗಿಡಕ್ಕೆ ಮುಟುರು ರೋಗವೇ? ನುಸಿಗೆ ರಾಮಬಾಣ! ಒಂದು ಪಂಪಿಗೆ ಒಂದು ಮುಚ್ಚಳ ಸಾಕು. ಬೆಳೆಗೂ ಸುರಕ್ಷಿತ, ನಿಮಗೂ ಸುರಕ್ಷಿತ.' ಮೇಡಂಗೆ ಬಹಳ ಹಿಡಿಸಿತು. ಅಲ್ಲಿಂದ ಅದು ವಕೀಲರ ಬಳಿಗೂ, ಆಮೇಲೆ ಕೀಟಶಾಸ್ತ್ರ ಓದಿದ ಒಬ್ಬ ಹಿರಿಯರ ಬಳಿಗೂ ಹೋಯಿತು. ಅವರನ್ನು ನಾವು ಡಾಕ್ಟರ್ ಸರ್ ಅನ್ನುತ್ತಿದ್ದೆವು. ತಿರುಗಿ ಬಂದಾಗ ಆ ನಾಲ್ಕು ಸಾಲಿನಲ್ಲಿ ಉಳಿದದ್ದು 'ಮೆಣಸಿನ ಗಿಡ' ಎಂಬ ಎರಡೇ ಪದ.

ವಕೀಲರು ಮೊದಲು ಹೊಡೆದುಹಾಕಿದ್ದು 'ಸುರಕ್ಷಿತ' ಎಂಬ ಮಾತನ್ನು. ನಮ್ಮ ದೇಶದಲ್ಲಿ ಕೀಟನಾಶಕದ ವ್ಯಾಪಾರ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಕೆಳಗೆ ನಡೆಯುತ್ತದೆ. ಸುರಕ್ಷಿತ, ವಿಷವಲ್ಲ, ಹಾನಿಯಿಲ್ಲ ಎಂಬಂಥ ಮಾತುಗಳನ್ನು ಲೇಬಲ್ ಮೇಲೆ ಹಾಕಬಾರದು ಎಂದು ಆ ನಿಯಮಗಳಲ್ಲೇ ಇದೆ. 'ಹೇಳಿದಂತೆ ಬಳಸಿದರೆ ಸುರಕ್ಷಿತ' ಎಂದು ಬಾಲ ಸೇರಿಸಿದರೂ ನಡೆಯುವುದಿಲ್ಲ. ನಿಯಮ ಲೇಬಲ್ಲಿಗೆ ಬರೆದದ್ದು ನಿಜ, ಆದರೆ ಲೇಬಲ್ ಮೇಲೆ ಹೇಳಬಾರದ್ದನ್ನು ಫೋನಿನಲ್ಲಿ ಹೇಳುವುದು ಹೇಗೆ ಸರಿ ಎಂದು ವಕೀಲರು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ಅವರಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ನಾವು ಬರೆದದ್ದನ್ನು ನಮ್ಮಿಂದಲ್ಲದೆ ಬೇರೆಯವರಿಂದ ಇಂಗ್ಲಿಷಿಗೆ ಮಾಡಿಸಿ ಓದುತ್ತಿದ್ದರು. ಮೊದಮೊದಲು ನಮಗೆ ಇದು ಅವಮಾನ ಅನ್ನಿಸಿತ್ತು. ಆಮೇಲೆ ತಿಳಿಯಿತು, ಬರೆದವರೇ ಅನುವಾದ ಮಾಡಿದರೆ ಮನಸ್ಸಿನಲ್ಲಿ ಇದ್ದದ್ದು ಬರುತ್ತದೆ, ಹಾಳೆಯ ಮೇಲೆ ಇದ್ದದ್ದಲ್ಲ. 'ಔಷಧ' ಎಂಬ ಪದ ಅಲ್ಲೇ ಸಿಕ್ಕಿಬಿತ್ತು. ಇಂಗ್ಲಿಷಿನಲ್ಲಿ ಅದು ಮನುಷ್ಯರಿಗೆ ಕೊಡುವ ಮದ್ದಾಗಿ ಬಂದಿತ್ತು. ನಮ್ಮ ಕಡೆ ಯಾರೂ ಕೀಟನಾಶಕ ಅನ್ನುವುದಿಲ್ಲ, 'ಎಣ್ಣಿ ಹೊಡ್ಯೂದು' ಅನ್ನುತ್ತಾರೆ, ಇಲ್ಲವೇ ಔಷಧ ಅನ್ನುತ್ತಾರೆ ಎಂದು ವಾದ ಮಾಡಿದೆವು. ಸೋತೆವು. ಈಗ ನೋಡಿದರೆ ಸೋತದ್ದೇ ಸರಿ ಅನ್ನಿಸುತ್ತದೆ. ವಿಷವನ್ನು ಔಷಧ ಎಂದು ಕರೆಯುವ ರೂಢಿಗೆ ಕಂಪನಿಯೇ ಹಣ ಕೊಟ್ಟು ಇನ್ನಷ್ಟು ಬಲ ತುಂಬುವುದು ಬೇಡ.

ಇದೆಲ್ಲ ಮಾತಿನ ಜಗಳ. ನಿಜವಾದ ಪೆಟ್ಟು ಬಿದ್ದದ್ದು ಡಾಕ್ಟರ್ ಸರ್ ಕಡೆಯಿಂದ. 'ಮುಟುರು ಅಂದ್ರ ಯಾವ ಮುಟುರು? ಎಲಿ ಮ್ಯಾಲೆ ಮಡಚೇತೋ, ಕೆಳಗ ಮಡಚೇತೋ?' ಅಂತ ಕೇಳಿದರು.

ನೀವು ಮೆಣಸಿನಕಾಯಿ ಬೆಳೆಯುವವರಾದರೆ ನಿಮಗೆ ಗೊತ್ತಿರುತ್ತದೆ, ನಮಗೆ ಗೊತ್ತಿರಲಿಲ್ಲ. ಥ್ರಿಪ್ಸ್ ಬಿದ್ದರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತೆ ಆಗುತ್ತದೆ. ಮೈಟ್ ಬಿದ್ದರೆ ಅಂಚು ಕೆಳಕ್ಕೆ ಮಡಚಿ ಬೋರಲು ಹಾಕಿದಂತೆ ಆಗುತ್ತದೆ. ಥ್ರಿಪ್ಸ್ ಆರು ಕಾಲಿನ ಕೀಟ, ಮೈಟ್ ಎಂಟು ಕಾಲಿನದು, ಜೇಡದ ಬಳಗದ್ದು. ಒಂದಕ್ಕೆ ಹೊಡೆಯುವುದು ಇನ್ನೊಂದಕ್ಕೆ ತಾಗಲೇಬೇಕೆಂದಿಲ್ಲ. ಸಾಲದ್ದಕ್ಕೆ ವೈರಸ್ಸಿನಿಂದಲೂ ಎಲೆ ಮುದುಡುತ್ತದೆ. ಊರಿನ ಮಾತಿನಲ್ಲಿ ಇವೆಲ್ಲ ಸೇರಿ 'ಮುಟುರು'. ನಾವು ಬರೆದ 'ನುಸಿ' ಎಂಬ ಪದವೂ ಹಾಗೆಯೇ, ಥ್ರಿಪ್ಸಿಗೂ ನುಸಿ, ಮೈಟಿಗೂ ನುಸಿ.

ಈ ಕಂಪನಿಯ ಬಾಟಲಿಗೆ ಕೇಂದ್ರದ ನೋಂದಣಿ ಸಮಿತಿ ಒಪ್ಪಿಗೆ ಕೊಟ್ಟದ್ದು ಮೆಣಸಿನಕಾಯಿಯ ಥ್ರಿಪ್ಸಿಗೆ ಮಾತ್ರ. ಕೀಟನಾಶಕಕ್ಕೆ ಒಪ್ಪಿಗೆ ಸಿಗುವುದು ಬೆಳೆ ಬೆಳೆಗೆ, ಕೀಟ ಕೀಟಕ್ಕೆ ಬೇರೆ ಬೇರೆಯಾಗಿ. ಎಷ್ಟು ಪ್ರಮಾಣ, ಎಷ್ಟು ನೀರು, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂಬುದೂ ಅದರಲ್ಲೇ ಇರುತ್ತದೆ. ನಮ್ಮ ಸಾಲನ್ನು ನಂಬಿ, ಮೈಟ್ ಬಿದ್ದ ಹೊಲದವರು ಬಾಟಲಿ ತಂದು ಹೊಡೆದಿದ್ದರೆ ದುಡ್ಡೂ ಹೋಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಆ ವಾರವೂ ಹೋಗುತ್ತಿತ್ತು. ಅಷ್ಟರಲ್ಲಿ ಮೈಟ್ ಹೊಲ ತುಂಬಾ ಹರಡಿರುತ್ತಿತ್ತು.

ಮೇಡಂ ಇನ್ನೊಂದು ದಾರಿ ಹುಡುಕಿದರು. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ಕಡೆಯ ಮೆಣಸಿನ ಹೊಲಗಳಿಗೆ ಹೂವಿನೊಳಗೆ ಕೂರುವ ಕಪ್ಪು ಥ್ರಿಪ್ಸ್ ನುಗ್ಗಿತ್ತಲ್ಲ, ಹಾಗಿದ್ದರೆ ಅದರ ಹೆಸರು ಹಾಕೋಣ, ಅದೂ ಥ್ರಿಪ್ಸೇ ತಾನೆ? ವಕೀಲರು ಲೇಬಲ್ ನೋಡಿ, 'ಥ್ರಿಪ್ಸ್ ಎಂದಷ್ಟೇ ಇದೆ, ನನ್ನ ಕಡೆಯಿಂದ ತಕರಾರಿಲ್ಲ' ಅಂದರು. ಡಾಕ್ಟರ್ ಸರ್ ಒಪ್ಪಲಿಲ್ಲ. ಒಪ್ಪಿಗೆಗಾಗಿ ಕಂಪನಿ ಮಾಡಿದ್ದ ಪ್ರಯೋಗಗಳೆಲ್ಲ ಆ ಕೀಟ ಬರುವುದಕ್ಕಿಂತ ಹಳೆಯವು, ಎಲೆ ಹೀರುವ ಹಳೆಯ ಥ್ರಿಪ್ಸಿನ ಮೇಲೆ ಮಾಡಿದವು. ಕಾನೂನಿಗೆ ಸರಿ ಇದ್ದದ್ದೆಲ್ಲ ಹೊಲಕ್ಕೆ ಸರಿ ಇರುವುದಿಲ್ಲ ಎಂದು ಅವರು ಸಹಿ ಹಾಕಲಿಲ್ಲ. ಒಪ್ಪಿಗೆಯ ಸರಪಳಿಯಲ್ಲಿ ವಕೀಲರೊಬ್ಬರೇ ಇದ್ದರೆ ಸಾಲದೇ ಎಂದು ನಮ್ಮನ್ನು ಯಾರಾದರೂ ಕೇಳಿದರೆ ಈ ಸಂಗತಿಯನ್ನೇ ಹೇಳುತ್ತೇವೆ.

ಇನ್ನು 'ಒಂದು ಮುಚ್ಚಳ'. ಆ ಬಾಟಲಿಯ ಲೇಬಲ್ಲಿನಲ್ಲಿ ಇದ್ದದ್ದು ಹೆಕ್ಟೇರಿಗೆ 250 ಮಿಲಿ, 500 ಲೀಟರ್ ನೀರಿನಲ್ಲಿ. ಹೆಕ್ಟೇರಿನ ಲೆಕ್ಕದಲ್ಲಿ ಯಾವ ರೈತರು ಮಾತಾಡುತ್ತಾರೆ? ಪಂಪಿನ ಲೆಕ್ಕ ಬೇಕೇ ಬೇಕು ಎಂದು ಇದೊಂದರಲ್ಲಿ ನಾವು ಗಟ್ಟಿಯಾಗಿ ನಿಂತೆವು. ಡಾಕ್ಟರ್ ಸರ್ ಹಾಳೆಯ ಮೇಲೆ ಲೆಕ್ಕ ಹಾಕಿದರು. 500 ಲೀಟರಿಗೆ 250 ಮಿಲಿ ಅಂದರೆ ಲೀಟರಿಗೆ ಅರ್ಧ ಮಿಲಿ. 16 ಲೀಟರಿನ ಪಂಪಿಗೆ 8 ಮಿಲಿ. ಒಂದು ಹೆಕ್ಟೇರ್ ಸುಮಾರು ಎರಡೂವರೆ ಎಕರೆ, ಹಾಗಾಗಿ ಎಕರೆಗೆ 100 ಮಿಲಿ, 200 ಲೀಟರ್ ನೀರು, ಅಂದರೆ ಹನ್ನೆರಡೂವರೆ ಪಂಪು. ಮುಚ್ಚಳವನ್ನು ಅಳೆದು ನೋಡಿದರೆ ಸಣ್ಣ ಬಾಟಲಿಯದ್ದು ಒಂದು ಅಳತೆ, ದೊಡ್ಡದರದ್ದು ಇನ್ನೊಂದು. ಮುಚ್ಚಳ ಹೋಯಿತು, 8 ಮಿಲಿ ಬಂತು. ಹೊಸ ಪ್ರಮಾಣ ಹೇಳುತ್ತಿಲ್ಲ, ಲೇಬಲ್ಲಿನದ್ದನ್ನೇ ಭಾಗಿಸಿದ್ದೇವೆ ಎಂಬುದಕ್ಕೆ ಆ ಲೆಕ್ಕದ ಹಾಳೆಯನ್ನೇ ವಕೀಲರು ಕಡತಕ್ಕೆ ಸೇರಿಸಿಕೊಂಡರು. (ಈ ಅಂಕಿ ಆ ಒಂದು ಬಾಟಲಿಯದ್ದು. ನಿಮ್ಮ ಮನೆಯಲ್ಲಿರುವ ಬಾಟಲಿಗೆ ಅದರ ಲೇಬಲ್ಲನ್ನೇ ನೋಡಿ.)

ಹನ್ನೊಂದು ದಿನ ಯಾಕೆ ಹಿಡಿಯಿತು ಎಂಬುದೂ ಆಮೇಲೆ ಗೊತ್ತಾಯಿತು. ವಕೀಲರು ಮೊದಲು ತಿದ್ದಿ ಕಳಿಸುತ್ತಿದ್ದರು, ಡಾಕ್ಟರ್ ಸರ್ ಅದರ ಹೂರಣವನ್ನೇ ಬದಲಿಸುತ್ತಿದ್ದರು, ಮತ್ತೆ ಅದು ವಕೀಲರಿಗೆ ಹೋಗಬೇಕು. ಎರಡನೆಯ ಕ್ಯಾಪ್ಷನ್ನಿನಿಂದ ಸಾಲು ತಿರುಗಿಸಿದೆವು. ಮೊದಲು ಡಾಕ್ಟರ್ ಸರ್, ಸಂಗತಿ ನಿಜವೋ ಸುಳ್ಳೋ ನೋಡಲು. ಆಮೇಲೆ ವಕೀಲರು, ಮಾತು ಕಾನೂನು ದಾಟಿದೆಯೋ ನೋಡಲು. ಕೊನೆಗೆ ಚಿತ್ರಕ್ಕೆ ಅಕ್ಷರ ಕೂರಿಸಿದ ಮೇಲೆ ಇಬ್ಬರೂ ಇನ್ನೊಮ್ಮೆ. ನಾಲ್ಕು ದಿನಕ್ಕೆ ಇಳಿಯಿತು.

ಆ ಕೊನೆಯ ಸುತ್ತನ್ನು ಸೇರಿಸಿದ್ದಕ್ಕೂ ಕಾರಣ ಇದೆ. ಒಮ್ಮೆ ಅಕ್ಷರಗಳೆಲ್ಲ ಸರಿ ಇದ್ದವು, ಹಿಂದಿನ ಫೋಟೊ ಮಾತ್ರ ದೊಣ್ಣೆ ಮೆಣಸಿನಕಾಯಿಯದು. ಡಿಸೈನ್ ಮಾಡುವ ಹುಡುಗನಿಗೆ ಎರಡೂ ಮೆಣಸಿನಕಾಯಿಯೇ. ಇನ್ನೊಮ್ಮೆ ಬಾಟಲಿ ಚೆನ್ನಾಗಿ ಕಾಣಲಿ ಎಂದು ಕೆಳಗಿನ ಭಾಗ ಕತ್ತರಿಸಿದ್ದ, ವಿಷ ಎಷ್ಟು ತೀವ್ರ ಎಂದು ಬಣ್ಣದಲ್ಲಿ ತೋರಿಸುವ ತ್ರಿಕೋನವೇ ಮಾಯ. ಕೆಂಪಿದ್ದರೆ ಅತಿ ತೀವ್ರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರಿದ್ದರೂ ಅದು ವಿಷವೇ, ತುಸು ಕಡಿಮೆ ಅಷ್ಟೆ.

ಇಷ್ಟೆಲ್ಲ ಬೇಲಿ ಹಾಕಿದ ಮೇಲೂ ದನ ನುಗ್ಗಿದ್ದು ನಾವು ಬಾಗಿಲೆಂದೇ ತಿಳಿಯದಿದ್ದ ಕಡೆಯಿಂದ. ಮೆಣಸಿನಕಾಯಿಯ ಆ ಪೋಸ್ಟಿನ ಕೆಳಗೆ ರೈತರೊಬ್ಬರು ಬರೆದಿದ್ದರು, 'ಟೊಮೆಟೊಕ್ಕ ಹೊಡಿಬಹುದೇನ್ರಿ?' ಅಂತ. ಅದು ಭಾನುವಾರ. ಪೇಜ್ ನೋಡಿಕೊಳ್ಳುತ್ತಿದ್ದ ಹೊಸ ಹುಡುಗಿ ಮರ್ಯಾದೆಯಿಂದ 'ಹೌದು ಸರ್, ಬಳಸಬಹುದು' ಎಂದು ಉತ್ತರ ಹಾಕಿದಳು. ಟೊಮೆಟೊ ಆ ಲೇಬಲ್ಲಿನಲ್ಲಿ ಇರಲೇ ಇಲ್ಲ. ಮೆಣಸಿನಕಾಯಿಯನ್ನು ಹಣ್ಣಾಗಿಸಿ ಒಣಗಿಸಿ ಮಾರುತ್ತಾರೆ, ಟೊಮೆಟೊವನ್ನು ಎರಡು ಮೂರು ದಿನಕ್ಕೊಮ್ಮೆ ಕಿತ್ತು ಹಸಿಯಾಗಿಯೇ ಸಂತೆಗೆ ಒಯ್ಯುತ್ತಾರೆ. ಹೊಡೆದ ಎಷ್ಟು ದಿನಕ್ಕೆ ಕೀಳಬಹುದು ಎಂದು ಯಾರೂ ಲೆಕ್ಕ ಮಾಡದ ಬೆಳೆಗೆ ನಾವು ಹೌದು ಅಂದಿದ್ದೆವು. ಸೋಮವಾರ ಬೆಳಿಗ್ಗೆ ಕಣ್ಣಿಗೆ ಬಿತ್ತು. ಉತ್ತರ ಅಳಿಸಿ, ಅವರಿಗೆ ಮೆಸೇಜ್ ಮಾಡಿ ನಂಬರ್ ಪಡೆದು ಫೋನ್ ಹಚ್ಚಿದೆವು.

'ಇನ್ನೂ ತಂದಿಲ್ರಿ, ಇವತ್ತ ಅಂಗಡಿಗೆ ಹೊಂಟಿದ್ದೆ' ಅಂದರು. ನಮ್ಮ ಉಸಿರು ಕೆಳಗಿಳಿಯಿತು. ಯಾಕೆ ಬೇಡ ಎಂದು ವಿವರಿಸಿದೆವು. 'ಹಂಗಾದ್ರ ನಿನ್ನೆ ಯಾಕ ಹೌದು ಅಂದ್ರಿ?' ಎಂದು ಕೇಳಿದರು. ತಪ್ಪಾಯಿತು ಎಂದೆವು, ಬೇರೆ ಏನು ಹೇಳುವುದು.

ಆ ಹುಡುಗಿಯನ್ನು ಬೈದವರು ಬಹಳ ಜನ. ನಮ್ಮ ಮಟ್ಟಿಗೆ ತಪ್ಪು ಅವಳದಲ್ಲ. ಕ್ಯಾಪ್ಷನ್ನಿಗೆ ಮೂರು ಸಹಿ ಬೇಕು, ಅದರ ಕೆಳಗಿನ ಉತ್ತರಕ್ಕೆ ಒಂದೂ ಬೇಡ ಎಂದು ದಾರಿ ಮಾಡಿಟ್ಟವರು ನಾವೇ. ಕಾಮೆಂಟಿಗೆಲ್ಲ ನಾಲ್ಕು ದಿನ ಕಾಯಿಸಿದರೆ ರೈತರು ಪಕ್ಕದ ಅಂಗಡಿಯವರು ಹೇಳಿದ್ದನ್ನು ತಂದು ಹೊಡೆದಿರುತ್ತಾರೆ, ಅದೂ ನಿಜ. ಆದ್ದರಿಂದ ಡಾಕ್ಟರ್ ಸರ್ ಜೊತೆ ಕೂತು, ಜನ ಪದೇ ಪದೇ ಕೇಳುವ ಇಪ್ಪತ್ತಾರು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದು ವಕೀಲರಿಂದ ಒಪ್ಪಿಗೆ ಪಡೆದೆವು. ಪ್ರತಿ ಉತ್ತರಕ್ಕೂ ಒಂದು ನಂಬರ್, ಒಪ್ಪಿಗೆಯಾದ ತಾರೀಖು. ಪಟ್ಟಿಯಲ್ಲಿ ಇಲ್ಲದ ಬೆಳೆ ಕೇಳಿದರೆ ಉತ್ತರ ಒಂದೇ: 'ಈ ಬೆಳೆಗೆ ಇದಕ್ಕೆ ಒಪ್ಪಿಗೆ ಇಲ್ಲ, ದಯವಿಟ್ಟು ಹೊಡೆಯಬೇಡಿ, ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಎಲೆ ತೋರಿಸಿ.' ಹೀಗೆ ಹೇಳಿದರೆ ಮಾರಾಟ ಕಡಿಮೆಯಾಗುತ್ತದೆ ಎಂದು ಮೇಡಂ ಎರಡು ಮೀಟಿಂಗಿನಲ್ಲಿ ಗೊಣಗಿದರು. ಮೂರನೆಯದರಲ್ಲಿ ಸಹಿ ಹಾಕಿದರು.

ಮರುವರ್ಷದ ಹಂಗಾಮಿನಲ್ಲಿ ಒಬ್ಬರು ಫೋಟೊ ಹಾಕಿ ಕೇಳಿದ್ದರು, ಮೆಣಸಿನ ಗಿಡದ ಎಲೆ ಮುದುಡಿದೆ, ಇದನ್ನು ತರಲೇ ಅಂತ. ಫೋಟೊ ದೊಡ್ಡದು ಮಾಡಿ ನೋಡಿದೆವು. ಅಂಚು ಕೆಳಕ್ಕೆ ಮಡಚಿತ್ತು. ನಂಬರ್ 9ರ ಉತ್ತರ ಹಾಕಿದೆವು: 'ಇದು ಮೈಟ್ ಇರಬಹುದು, ನಮ್ಮ ಬಾಟಲಿ ಇದಕ್ಕಲ್ಲ.'